ಒಂದು ಅಂಕಕ್ಕೆ ಎಷ್ಟು ರೂಪಾಯಿ?

ಬೆಂಗಳೂರಿನಲ್ಲಿ ಎಂಬತ್ತು ಮನೆಗಳ ಒಂದು ಅಪಾರ್ಟ್‌ಮೆಂಟ್ ಇದೆ ಎಂದುಕೊಳ್ಳೋಣ. ಕಾವಲಿನ ಗುತ್ತಿಗೆ ಮುಗಿಯುತ್ತ ಬಂದಿದೆ, ಹೊಸ ಸೆಕ್ಯುರಿಟಿ ಏಜೆನ್ಸಿ ಹುಡುಕಬೇಕು. ಮೂರು ಕೊಟೇಶನ್ ಬಂದಿವೆ. ತಿಂಗಳಿಗೆ ಮೊದಲನೆಯವರು 3,00,000 ರೂಪಾಯಿ ಕೇಳಿದ್ದಾರೆ, ಎರಡನೆಯವರು 3,20,000, ಮೂರನೆಯವರು 3,60,000. ಅಸೋಸಿಯೇಶನ್ ಸಮಿತಿಯಲ್ಲಿ ಒಬ್ಬರಿಗೆ ದರವೇ ಮುಖ್ಯ. ಇನ್ನೊಬ್ಬರಿಗೆ ರಾತ್ರಿ ಎರಡು ಗಂಟೆಗೂ ಗಾರ್ಡ್ ಎಚ್ಚರ ಇರಬೇಕು. ಮತ್ತೊಬ್ಬರಿಗೆ ಗಾರ್ಡ್ ರಜೆ ಹಾಕಿದ ದಿನ ಗೇಟು ಖಾಲಿ ಬೀಳಬಾರದು. ಮೂವರೂ ಹೇಳುವುದು ಸರಿಯೇ. ಆದರೆ ಮೂರು ಸರಿಗಳನ್ನು ಕೂಡಿಸಿ ಒಂದು ತೀರ್ಮಾನ ಮಾಡುವುದು ಹೇಗೆ?

ಇಂಥ ಕಡೆ ಯಾರಾದರೊಬ್ಬರು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ಹಾಕುತ್ತಾರೆ. ಪ್ರತಿ ಅಂಶಕ್ಕೂ ಇಷ್ಟಿಷ್ಟು ತೂಕ, ಪ್ರತಿ ಏಜೆನ್ಸಿಗೂ ಹತ್ತಕ್ಕೆ ಇಷ್ಟು ಅಂಕ, ಎರಡನ್ನೂ ಗುಣಿಸಿ ಕೂಡಿಸಿದರೆ ಒಟ್ಟು. ಆ ಗುಣಿಸಿ ಕೂಡಿಸುವ ಕೆಲಸವನ್ನು ಒಂದೇ ಏಟಿಗೆ ಮಾಡುವ ಸೂತ್ರ SUMPRODUCT. ವಿಧಾನ ಒಳ್ಳೆಯದೇ. ಜೋರಾಗಿ ಮಾತಾಡುವವರ ಅಭಿಪ್ರಾಯವೇ ಸಭೆಯ ತೀರ್ಮಾನ ಆಗುವುದನ್ನು ಅದು ತಡೆಯುತ್ತದೆ. ಆದರೆ ಸಮಿತಿಗಳು ತೂಕದ ಬಗ್ಗೆ ಗಂಟೆಗಟ್ಟಲೆ ವಾದ ಮಾಡಿ, ಅದಕ್ಕಿಂತ ದೊಡ್ಡ ತೀರ್ಮಾನವೊಂದನ್ನು ಯಾರೂ ಗಮನಿಸದೆ ದಾಟಿಬಿಡುತ್ತವೆ. ಈ ಲೇಖನ ಇರುವುದು ಆ ತೀರ್ಮಾನದ ಬಗ್ಗೆ.

ಶೀಟ್ ತೆರೆಯುವ ಮೊದಲೇ ಮುಗಿಸಬೇಕಾದ ಕೆಲಸ ಒಂದಿದೆ. ಗುಣಿಸಿ ಕೂಡಿಸುವ ಲೆಕ್ಕದಲ್ಲಿ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬಿಬಿಡುತ್ತದೆ. ದರದಲ್ಲಿ ಹತ್ತು ಪಡೆದವರು ತರಬೇತಿಯಲ್ಲಿ ಎರಡು ಪಡೆದರೂ ಗೆಲ್ಲಬಹುದು. ಹಾಗೆ ತುಂಬಲು ಬಿಡಬಾರದ ಸಂಗತಿಗಳಿಗೆ ಅಂಕವನ್ನೇ ಕೊಡಬಾರದು. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆ, 2005ರ ಪ್ರಕಾರ ಏಜೆನ್ಸಿಗೆ ಲೈಸೆನ್ಸ್ ಇರಲೇಬೇಕು. ಲೈಸೆನ್ಸ್ ಇಲ್ಲದವರಿಗೆ 'ಹತ್ತಕ್ಕೆ ಸೊನ್ನೆ' ಕೊಟ್ಟು ಓಟದಲ್ಲಿ ಉಳಿಸಿಕೊಳ್ಳುವುದು ತಪ್ಪು, ಅವರು ಪಟ್ಟಿಯಲ್ಲೇ ಇರಬಾರದು. ಗಾರ್ಡುಗಳಿಗೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಕೊಟ್ಟರೆ ಗಿಟ್ಟದಷ್ಟು ಕಡಿಮೆ ದರ ಹಾಕಿದವರೂ ಹಾಗೆಯೇ. ಆ ಕಡಿಮೆ ದರ ಬರುವುದು ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಮನುಷ್ಯನ ಜೇಬಿನಿಂದ. ನಮ್ಮ ಉದಾಹರಣೆಯ ಮೂವರೂ ಈ ಬಾಗಿಲು ದಾಟಿ ಬಂದವರು ಎಂದಿಟ್ಟುಕೊಳ್ಳೋಣ.

ಸಮಿತಿ ಐದು ಅಂಶ ಆರಿಸಿಕೊಂಡಿದೆ. ದರವನ್ನು ಸದ್ಯಕ್ಕೆ ಬದಿಗಿಟ್ಟು ಉಳಿದ ನಾಲ್ಕಕ್ಕೆ ಅಂಕ ಕೊಟ್ಟಿದೆ. ಪ್ರತಿ ಏಜೆನ್ಸಿ ಈಗ ಕೆಲಸ ಮಾಡುತ್ತಿರುವ ಕಟ್ಟಡಗಳಿಗೆ ಸದಸ್ಯರು ಹೋಗಿ ವಿಚಾರಿಸಿ ಬಂದಿದ್ದಾರೆ.

| ಅಂಶ | ತೂಕ | ಒಂದನೇ | ಎರಡನೇ | ಮೂರನೇ |
|---|---|---|---|---|
| ದರ | 30 | ? | ? | ? |
| ಈಗಿನ ಗ್ರಾಹಕರ ಮಾತು | 30 | 5 | 7 | 9 |
| ರಜೆಗೆ ಬದಲಿ ಗಾರ್ಡ್ | 20 | 6 | 7 | 8 |
| ತರಬೇತಿ | 10 | 6 | 7 | 8 |
| ರಾತ್ರಿ ಮೇಲ್ವಿಚಾರಣೆ | 10 | 7 | 6 | 8 |

ಶೀಟಿನಲ್ಲಿ ಇದನ್ನು ಹೀಗೇ ಇಳಿಸಬೇಕು: ಅಂಶಗಳು A ಕಾಲಂನಲ್ಲಿ ಮೇಲಿಂದ ಕೆಳಗೆ, ಪಕ್ಕದ B ಕಾಲಂನಲ್ಲಿ ತೂಕ, ಆಮೇಲೆ C, D, E ಕಾಲಂಗಳಲ್ಲಿ ಒಬ್ಬೊಬ್ಬ ಏಜೆನ್ಸಿ. ಮೊದಲ ಸಾಲು ತಲೆಬರಹಕ್ಕೆ, ಅಂಕಗಳು ಎರಡರಿಂದ ಆರನೇ ಸಾಲಿನವರೆಗೆ. C7 ಸೆಲ್‌ನಲ್ಲಿ ಈ ಸೂತ್ರ ಬರೆದು ಬಲಕ್ಕೆ ಎಳೆದರೆ ಮೂವರ ಒಟ್ಟೂ ಬರುತ್ತದೆ.

```
=SUMPRODUCT($B$2:$B$6,C2:C6)/SUM($B$2:$B$6)
```

ತೂಕಗಳ ಮೊತ್ತದಿಂದ ಭಾಗಿಸಿರುವುದರಿಂದ ಉತ್ತರ ಹತ್ತರೊಳಗೇ ಇರುತ್ತದೆ. ತೂಕಗಳು ಕೂಡಿ ಸರಿಯಾಗಿ ನೂರೇ ಆಗಬೇಕೆಂಬ ತಾಪತ್ರಯವೂ ಇಲ್ಲ.

ಏಜೆನ್ಸಿಗಳನ್ನು ಅಡ್ಡ ಸಾಲುಗಳಲ್ಲಿ ಬರೆದು ತೂಕವನ್ನು ಮಾತ್ರ ಪಕ್ಕದಲ್ಲಿ ಉದ್ದಕ್ಕೆ ಬರೆಯುವವರು ಬಹಳ. ಆಗ ಒಂದು ಪಟ್ಟಿ ಅಡ್ಡ, ಇನ್ನೊಂದು ಉದ್ದ. ಎರಡಕ್ಕೂ ಹೊಂದಿಕೆಯಾಗದೆ #VALUE! ಎಂದು ಬರುತ್ತದೆ. ಆ ದೋಷ ಬಂದದ್ದೇ ಒಳ್ಳೆಯದು. ಅಪಾಯ ಇರುವುದು ಅದನ್ನು ತಪ್ಪಿಸಲು ಅಲ್ಪವಿರಾಮದ ಜಾಗದಲ್ಲಿ ಗುಣಾಕಾರದ ಚುಕ್ಕಿ * ಹಾಕಿದಾಗ. ದೋಷ ಮಾಯವಾಗುತ್ತದೆ, ಒಂದು ಸಂಖ್ಯೆ ಬರುತ್ತದೆ. ಆದರೆ ಈಗ ಪ್ರತಿ ಅಂಕವೂ ಪ್ರತಿ ತೂಕದೊಂದಿಗೆ ಗುಣಿಸಿಕೊಂಡಿದೆ. ಲೆಕ್ಕದಲ್ಲಿ ತೂಕಕ್ಕೆ ಅರ್ಥವೇ ಉಳಿಯಲಿಲ್ಲ, ಬಂದದ್ದು ಬರೀ ಅಂಕಗಳ ಮೊತ್ತ. ಉತ್ತರ ಹತ್ತನ್ನು ದಾಟಿ ಮೂವತ್ತರ ಆಸುಪಾಸು ಬಂದರೆ ಇದೇ ಆಗಿದೆ ಎಂದು ತಿಳಿಯಬಹುದು.

ಇದಕ್ಕಿಂತ ಮೆಲ್ಲನೆ ಬರುವ ತಪ್ಪು ಡಾಲರ್ ಗುರುತು ಮರೆತದ್ದು. ಡಾಲರ್ ಇಲ್ಲದೆ ಸೂತ್ರವನ್ನು ಬಲಕ್ಕೆ ಎಳೆದರೆ ತೂಕದ ಕಾಲಂ ಕೂಡ ಒಂದು ಹೆಜ್ಜೆ ಬಲಕ್ಕೆ ಸರಿಯುತ್ತದೆ. ಎರಡನೇ ಏಜೆನ್ಸಿಯ ಅಂಕಗಳಿಗೆ ಮೊದಲನೇ ಏಜೆನ್ಸಿಯ ಅಂಕಗಳೇ ತೂಕವಾಗಿ ಕೂರುತ್ತವೆ. ಉತ್ತರ ಏಳೋ ಎಂಟೋ ಬಂದು ಸಭ್ಯವಾಗಿ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನು ಹಿಡಿಯಲು ಕೊನೆಯಲ್ಲಿ F ಕಾಲಂನಲ್ಲಿ ಒಂದು ಸುಳ್ಳು ಏಜೆನ್ಸಿ ಸೇರಿಸಿ. ದರಕ್ಕೆ 10, ಉಳಿದ ನಾಲ್ಕಕ್ಕೂ 0 ಕೊಡಿ. ದರದ ತೂಕ ನೂರರಲ್ಲಿ 30 ಆದ್ದರಿಂದ ಉತ್ತರ 3 ಬರಲೇಬೇಕು. ಎಲ್ಲಕ್ಕೂ 10 ಕೊಟ್ಟು ಪರೀಕ್ಷೆ ಮಾಡಿದರೆ ಸಾಲದು. ತೂಕ ಏನೇ ಆಗಿದ್ದರೂ ಹತ್ತುಗಳ ಸರಾಸರಿ ಹತ್ತೇ ಬರುತ್ತದೆ, ತಪ್ಪು ಅಡಗಿಯೇ ಇರುತ್ತದೆ.

ಅಂಕ ತುಂಬುವಾಗಲೂ ಎರಡು ಕಡೆ ಎಚ್ಚರ ಬೇಕು. ಯಾರಾದರೂ '9 ಅಂಕ' ಎಂದು ಬರೆದರೆ ಅದು ಅಕ್ಷರವಾಗುತ್ತದೆ, ಈ ಸೂತ್ರ ಅಕ್ಷರವನ್ನು ಸೊನ್ನೆ ಎಂದೇ ಎಣಿಸುತ್ತದೆ. ಗ್ರಾಹಕರ ಮಾತಿನ ಸಾಲಿನಲ್ಲಿ ಹಾಗಾದರೆ ಮೂರನೇ ಏಜೆನ್ಸಿಯ ಒಟ್ಟಿನಿಂದ 2.7 ಅಂಕ ಸದ್ದಿಲ್ಲದೆ ಹೋಯಿತು. 7/10 ಎಂದು ಬರೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಕೊಳ್ಳುತ್ತದೆ. ತಾರೀಖಿನ ಹಿಂದಿರುವ ಸಂಖ್ಯೆ ನಲವತ್ತೈದು ಸಾವಿರಕ್ಕೂ ಹೆಚ್ಚು, ಹಾಗಾಗಿ ಅದು ಕಣ್ಣಿಗೆ ರಾಚುತ್ತದೆ, ಬೇಗ ಸಿಕ್ಕಿಬೀಳುತ್ತದೆ. ಸೊನ್ನೆಯಾದದ್ದು ಸಿಗುವುದಿಲ್ಲ. ಪ್ರತಿ ಕಾಲಂ ಕೆಳಗೆ =COUNT(C2:C6) ಎಂದು ಹಾಕಿ ಐದು ಬಂತೇ ನೋಡುವುದು ಸುಲಭದ ದಾರಿ. ಅಂಕವೇ ಇಲ್ಲದ ಖಾಲಿ ಸೆಲ್ ಕೂಡ ಸೊನ್ನೆಯೇ. 'ವಿಚಾರಿಸಲು ಆಗಲಿಲ್ಲ' ಎಂಬುದು 'ಏನೂ ಸರಿಯಿಲ್ಲ' ಎಂದಾಗಬಾರದು. ಮತ್ತೊಮ್ಮೆ ಹೋಗಿ ವಿಚಾರಿಸಿ ತುಂಬುವುದೇ ಅದಕ್ಕೆ ಪರಿಹಾರ.

ಈಗ ಬದಿಗಿಟ್ಟ ದರಕ್ಕೆ ಬರೋಣ. ಲೇಖನದ ಜೀವ ಇರುವುದು ಇಲ್ಲಿ. ಗ್ರಾಹಕರ ಮಾತಿಗೆ ಹತ್ತಕ್ಕೆ ಅಂಕ ಕೊಡಬಹುದು. ಮೂರು ಲಕ್ಷ ರೂಪಾಯಿಗೆ ಹತ್ತಕ್ಕೆ ಎಷ್ಟು? ರೂಪಾಯಿಯನ್ನು ಅಂಕವಾಗಿ ಬದಲಾಯಿಸಲೇಬೇಕು. ಅದಕ್ಕೆ ಬಳಕೆಯಲ್ಲಿ ಎರಡು ದಾರಿಗಳಿವೆ, ಎರಡೂ ನ್ಯಾಯವಾಗಿಯೇ ಕಾಣುತ್ತವೆ.

ಮೊದಲ ದಾರಿ ಸರ್ಕಾರಿ ಖರೀದಿಯದು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರಲ್ಲಿ ಸಲಹಾ ಸೇವೆಗಳಿಗೆ ಗುಣಮಟ್ಟ ಮತ್ತು ದರ ಎರಡನ್ನೂ ತೂಗಿ ಆರಿಸುವ ಪದ್ಧತಿ ಇದೆ. ಅದರಲ್ಲಿ ರೂಢಿಯಾಗಿ ಅತಿ ಕಡಿಮೆ ದರದವರಿಗೆ ಪೂರ್ತಿ ಅಂಕ, ಉಳಿದವರಿಗೆ ಆ ಕಡಿಮೆ ದರವನ್ನು ಅವರವರ ದರದಿಂದ ಭಾಗಿಸಿದಷ್ಟು. ಹಾಗೆ ಮಾಡಿದರೆ ಒಂದನೇ ಏಜೆನ್ಸಿಗೆ 10, ಎರಡನೆಯದಕ್ಕೆ 9.38, ಮೂರನೆಯದಕ್ಕೆ 8.33. ಸೂತ್ರಕ್ಕೆ ಹಾಕಿದರೆ ಒಟ್ಟು ಹೀಗೆ: ಒಂದನೆಯದು 7.00, ಎರಡನೆಯದು 7.61, ಮೂರನೆಯದು 8.40. ಮೂರನೇ ಏಜೆನ್ಸಿ ನಿರಾಯಾಸವಾಗಿ ಗೆದ್ದಿತು.

ಎರಡನೇ ದಾರಿಯಲ್ಲಿ ಅತಿ ಕಡಿಮೆ ದರಕ್ಕೆ ಹತ್ತು, ಅತಿ ಹೆಚ್ಚಿನ ದರಕ್ಕೆ ಸೊನ್ನೆ, ನಡುವೆ ಇರುವವರಿಗೆ ಅವರು ಎಲ್ಲಿದ್ದಾರೋ ಅಷ್ಟು. ಆಗ ಒಂದನೆಯದಕ್ಕೆ 10, ಎರಡನೆಯದಕ್ಕೆ 6.67, ಮೂರನೆಯದಕ್ಕೆ 0. ಒಟ್ಟು ಕ್ರಮವಾಗಿ 7.00, 6.80, 5.90. ಈಗ ಗೆದ್ದದ್ದು ಒಂದನೇ ಏಜೆನ್ಸಿ. ಮೂರನೆಯದು ಕೊನೆಗೆ ಹೋಯಿತು.

ತೂಕ ಬದಲಾಗಿಲ್ಲ. ಏಜೆನ್ಸಿಗಳು ಕೇಳಿದ ದರ ಬದಲಾಗಿಲ್ಲ. ಸದಸ್ಯರು ಕೊಟ್ಟ ಒಂದು ಅಂಕವೂ ಬದಲಾಗಿಲ್ಲ. ಸಾಲಿನ ಕ್ರಮ ಮಾತ್ರ ಪೂರ್ತಿ ತಿರುಗಿ ನಿಂತಿದೆ.

ಏಕೆ ಹೀಗಾಯಿತು? ಒಟ್ಟನ್ನು ಎಳೆಯುವುದು ತೂಕ ಒಂದೇ ಅಲ್ಲ, ಆ ಸಾಲಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕದ ನಡುವಿನ ಅಂತರವೂ ಎಳೆಯುತ್ತದೆ. ಮೊದಲ ದಾರಿಯಲ್ಲಿ ದರದ ಅಂಕಗಳು 8.33ರಿಂದ 10ರವರೆಗೆ ಮಾತ್ರ ಹರಡಿವೆ. ಅಂತರ 1.67, ತೂಕ ನೂರರಲ್ಲಿ 30, ಹಾಗಾಗಿ ಒಟ್ಟಿನಲ್ಲಿ ದರ ಹೆಚ್ಚೆಂದರೆ ಅರ್ಧ ಅಂಕದ ವ್ಯತ್ಯಾಸ ಮಾಡೀತು. ಗ್ರಾಹಕರ ಮಾತು ಐದರಿಂದ ಒಂಬತ್ತರವರೆಗೆ ಹರಡಿದೆ, ಅದು 1.2 ಅಂಕದಷ್ಟು ಎಳೆಯುತ್ತದೆ. ಎರಡಕ್ಕೂ ಬರೆದದ್ದು 30, ಎಳೆದದ್ದು ಮಾತ್ರ ಒಂದು ಇನ್ನೊಂದರ ಎರಡರಷ್ಟಕ್ಕೂ ಹೆಚ್ಚು. ಎರಡನೇ ದಾರಿಯಲ್ಲಿ ದರ ಸೊನ್ನೆಯಿಂದ ಹತ್ತರವರೆಗೂ ಹರಡಿ ಪೂರಾ 3 ಅಂಕದ ಬಲ ಪಡೆಯಿತು. ಅದೇ ಮೂವತ್ತರ ತೂಕಕ್ಕೆ ಆರು ಪಟ್ಟು ಬಲ.

ಕೆಲಸದ ಸಂದರ್ಶನಗಳಲ್ಲೂ ಇದೇ ನಡೆಯುತ್ತದೆ, ಅಲ್ಲಿ ಅದು ಒಬ್ಬರ ಬದುಕಿನ ಪ್ರಶ್ನೆ. ಇಬ್ಬರು ಸಂದರ್ಶಕರಿಗೆ ಸಮಾನ ತೂಕ ಕೊಟ್ಟಿದ್ದಾರೆ ಎನ್ನಿ. ಒಬ್ಬರು ಯಾರನ್ನೂ ನೋಯಿಸಲು ಇಷ್ಟಪಡದೆ ಎಲ್ಲ ಅಭ್ಯರ್ಥಿಗಳಿಗೂ ಆರು, ಏಳು ಕೊಡುತ್ತಾರೆ. ಇನ್ನೊಬ್ಬರು ಮೂರೂ ಕೊಡುತ್ತಾರೆ, ಒಂಬತ್ತೂ ಕೊಡುತ್ತಾರೆ. ಕಾಗದದ ಮೇಲೆ ಇಬ್ಬರ ಮಾತಿಗೂ ಅರ್ಧರ್ಧ ಬೆಲೆ. ವಾಸ್ತವದಲ್ಲಿ ಆಯ್ಕೆ ಮಾಡಿದವರು ಎರಡನೆಯವರೊಬ್ಬರೇ. ಮೂರು ಎಂದರೆ ಯಾವ ಬಗೆಯ ಉತ್ತರ, ಆರು ಎಂದರೆ ಯಾವುದು, ಒಂಬತ್ತು ಎಂದರೆ ಯಾವುದು ಎಂದು ಮೊದಲ ಅಭ್ಯರ್ಥಿ ಒಳಗೆ ಬರುವ ಮುಂಚೆಯೇ ಬರೆದಿಟ್ಟುಕೊಂಡರೆ ಇದು ಬಹಳಷ್ಟು ಸರಿಹೋಗುತ್ತದೆ. ಇಬ್ಬರೂ ಮಾತಾಡಿಕೊಳ್ಳುವ ಮೊದಲು ತಮ್ಮ ತಮ್ಮ ಅಂಕ ಬರೆದುಬಿಡಬೇಕು.

ಏಜೆನ್ಸಿಗಳ ವಿಷಯದಲ್ಲಿ ಇನ್ನೂ ಗಂಭೀರವಾದ ಒಂದು ತೊಂದರೆ ಇದೆ. ಎರಡನೇ ದಾರಿಯಲ್ಲಿ ಲೆಕ್ಕ ಹಾಕಿ ಒಂದನೇ ಏಜೆನ್ಸಿಯನ್ನು ಆರಿಸಿಯಾಯಿತು ಎನ್ನೋಣ. ಆಗ ನಾಲ್ಕನೆಯವರೊಬ್ಬರು 4,20,000 ರೂಪಾಯಿಯ ಕೊಟೇಶನ್ ತಂದುಕೊಟ್ಟರು. ದರ ಜಾಸ್ತಿ, ಉಳಿದ ಅಂಕಗಳೂ ಕಡಿಮೆ, ಅವರು ಗೆಲ್ಲುವ ಮಾತೇ ಇಲ್ಲ. ಆದರೆ ಈಗ ಸೊನ್ನೆ ಬೀಳುವುದು ಅವರ ದರಕ್ಕೆ. ಮೂರನೆಯವರ ದರಕ್ಕೆ ಸೊನ್ನೆಯ ಬದಲು 5 ಬಂತು, ಎರಡನೆಯವರಿಗೆ 8.33. ಒಟ್ಟು ನೋಡಿ: ಒಂದನೆಯದು 7.00, ಎರಡನೆಯದು 7.30, ಮೂರನೆಯದು 7.40. ಸೋಲಲೆಂದೇ ಬಂದ ನಾಲ್ಕನೆಯವರು ಕೊನೆಯಲ್ಲಿದ್ದ ಮೂರನೆಯವರನ್ನು ಗೆಲ್ಲಿಸಿಬಿಟ್ಟರು. ಗೊತ್ತಿದ್ದವರು ಪರಿಚಯದವರಿಂದ ಒಂದು ದುಬಾರಿ ಕೊಟೇಶನ್ ಹಾಕಿಸಿ ಇದನ್ನು ಬೇಕೆಂದೇ ಮಾಡಬಹುದು. ಮೊದಲ ದಾರಿಗೂ ಇದರ ಸೋಂಕು ಇದೆ, ಅಲ್ಲಿ ಎಲ್ಲರ ಅಂಕ ನಿಂತಿರುವುದು ಅತಿ ಕಡಿಮೆ ದರ ಹಾಕಿದ ಒಬ್ಬರ ಮೇಲೆ. ಬಂದ ಕೊಟೇಶನ್‌ಗಳಿಂದಲೇ ಅಳತೆಗೋಲು ಮಾಡಿಕೊಂಡರೆ ಆ ಅಳತೆಗೋಲು ಕೊಟೇಶನ್ ಹಾಕಿದವರ ಕೈಯಲ್ಲಿರುತ್ತದೆ.

ಹಾಗಾಗಿ ಅಳತೆಗೋಲಿನ ಎರಡು ತುದಿಗಳನ್ನು ಲಕೋಟೆ ಒಡೆಯುವ ಮೊದಲೇ ಸಮಿತಿ ತಾನೇ ನಿಲ್ಲಿಸಬೇಕು. ಈಗ ಕೊಡುತ್ತಿರುವ ದರ ಗೊತ್ತಿರುತ್ತದೆ, ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರು ಎಷ್ಟು ಕೊಡುತ್ತಾರೆ ಎಂಬುದೂ ಗೊತ್ತಾಗುತ್ತದೆ. ಅದನ್ನು ನೋಡಿ ನಮ್ಮ ಸಮಿತಿ 2,80,000ಕ್ಕೆ ಹತ್ತು, 4,00,000ಕ್ಕೆ ಸೊನ್ನೆ ಎಂದು ಗೊತ್ತುಮಾಡಿತು ಎನ್ನೋಣ. ನಡುವಿನ 1,20,000 ರೂಪಾಯಿಯನ್ನು ಹತ್ತು ಅಂಕಕ್ಕೆ ಹಂಚಿದರೆ ದರದ ಒಂದು ಅಂಕಕ್ಕೆ 12,000 ರೂಪಾಯಿ. ಕೇಳಿದ ದರವನ್ನು ಎಂಟನೇ ಸಾಲಿನಲ್ಲಿ ಬರೆದುಕೊಂಡರೆ C2 ಸೆಲ್‌ಗೆ ಸೂತ್ರ ಹೀಗೆ:

```
=MAX(0,MIN(10,(400000-C8)/12000))
```

ಇದನ್ನು ಮಾಡಿದ ಕೂಡಲೇ ತೂಕದ ವಾದ ಅರ್ಥವಾಗುವ ಭಾಷೆಗೆ ಬರುತ್ತದೆ. ದರಕ್ಕೂ ಗ್ರಾಹಕರ ಮಾತಿಗೂ 30 ಎಂದು ಸಮಾನ ತೂಕ ಕೊಟ್ಟೆವು ಎಂದರೆ, ಗ್ರಾಹಕರ ಮಾತಿನಲ್ಲಿ ಒಂದು ಅಂಕ ಮೇಲಿರುವ ಏಜೆನ್ಸಿಗೆ ತಿಂಗಳಿಗೆ 12,000 ರೂಪಾಯಿ ಹೆಚ್ಚು ಕೊಡಲು ಒಪ್ಪಿದೆವು ಎಂದೇ ಅರ್ಥ. ಎಂಬತ್ತು ಮನೆಗೆ ಹಂಚಿದರೆ ಮನೆಗೆ 150 ರೂಪಾಯಿ. ಇದನ್ನು ಸಭೆಯಲ್ಲಿ ಇಡಬಹುದು. 'ತೂಕ ಇಪ್ಪತ್ತೈದೋ ಮೂವತ್ತೋ' ಎಂದು ಕೇಳಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ. 'ಈಗಿರುವುದಕ್ಕಿಂತ ಒಂದು ಮೆಟ್ಟಿಲು ಚೆನ್ನಾಗಿರುವ ಕಾವಲಿಗೆ ಮನೆಗೆ ತಿಂಗಳಿಗೆ ನೂರೈವತ್ತು ಹೆಚ್ಚು ಕೊಡ್ತೀರಾ' ಎಂದು ಕೇಳಿದರೆ, ಪಿಂಚಣಿಯಲ್ಲಿ ಬದುಕುವ ಹಿರಿಯರೂ, ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಯೂ ಉತ್ತರ ಹೇಳಬಲ್ಲರು.

ಹಿಂದಿನ ಎರಡು ದಾರಿಗಳಿಗೂ ಇದೇ ಪ್ರಶ್ನೆ ಕೇಳಿ ನೋಡಿ. ಸರ್ಕಾರಿ ಮಾದರಿಯಲ್ಲಿ ಒಂದನೆಯವರಿಗೂ ಮೂರನೆಯವರಿಗೂ ಇದ್ದ 60,000 ರೂಪಾಯಿಯ ವ್ಯತ್ಯಾಸ ಬರೀ 1.67 ಅಂಕವಾಗಿತ್ತು. ಅಂದರೆ ಒಂದು ಅಂಕಕ್ಕೆ 36,000, ಮನೆಗೆ 450 ರೂಪಾಯಿ. ಎರಡನೇ ದಾರಿಯಲ್ಲಿ ಅದೇ 60,000 ಹತ್ತು ಅಂಕ, ಒಂದು ಅಂಕಕ್ಕೆ 6,000, ಮನೆಗೆ 75. ಒಂದೇ ಸಮಿತಿ, ಒಂದೇ ತೂಕ, ಒಂದು ಲೆಕ್ಕದಲ್ಲಿ 450 ಕೊಡಲು ಸಿದ್ಧ, ಇನ್ನೊಂದರಲ್ಲಿ 75 ಮಾತ್ರ. ಆ ಎರಡರಲ್ಲಿ ಯಾವುದು ಬೇಕು ಎಂದು ನಿವಾಸಿಗಳನ್ನು ಯಾರೂ ಕೇಳಿರಲಿಲ್ಲ, ಸೂತ್ರ ಆರಿಸಿದವರಿಗೂ ತಾವು ಅದನ್ನು ಆರಿಸುತ್ತಿದ್ದೇವೆ ಎಂದು ಗೊತ್ತಿರಲಿಲ್ಲ. ನನಗೆ ಈ ವಿಷಯದಲ್ಲಿ ಕಳವಳ ಇರುವುದೇ ಇದಕ್ಕೆ.

ತೂಕಗಳ ಬಗ್ಗೆ ಹೆಚ್ಚು ಜಗಳ ಬೇಡ ಎನ್ನುವುದಕ್ಕೆ ಹಳೆಯ ಆಧಾರವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬಿನ್ ಡಾಸ್ 1979ರಲ್ಲಿ ಬರೆದ ಪ್ರಬಂಧದಲ್ಲಿ, ಸರಿಯಾದ ಅಂಶಗಳನ್ನು ಆರಿಸಿಕೊಂಡರೆ ಎಲ್ಲಕ್ಕೂ ಸಮಾನ ತೂಕ ಕೊಟ್ಟು ಕೂಡಿಸಿದರೂ ಪರಿಣತರ ಅಂದಾಜಿಗಿಂತ ಒಳ್ಳೆಯ ಫಲ ಬರುತ್ತದೆ ಎಂದು ತೋರಿಸಿದರು. ಆದರೆ ಅವರ ಲೆಕ್ಕದಲ್ಲಿ ಎಲ್ಲ ಅಂಶಗಳನ್ನೂ ಮೊದಲು ಒಂದೇ ಅಳತೆಗೆ ತಂದಿರುತ್ತಾರೆ. ನಾವು ಬಿಟ್ಟುಬಿಡುವುದು ಆ ಹೆಜ್ಜೆಯನ್ನೇ.

ಸಮಿತಿಯ ಅಳತೆಗೋಲಿನಲ್ಲಿ ದರದ ಅಂಕ ಒಂದನೆಯವರಿಗೆ 8.33, ಎರಡನೆಯವರಿಗೆ 6.67, ಮೂರನೆಯವರಿಗೆ 3.33. ಒಟ್ಟು 6.50, 6.80, 6.90. ನಾಲ್ಕನೆಯವರು ಈಗ ಎಷ್ಟೇ ದುಬಾರಿ ಕೊಟೇಶನ್ ತಂದರೂ ಈ ಮೂರು ಸಂಖ್ಯೆಗಳು ಅಲುಗಾಡುವುದಿಲ್ಲ. ಮೂರನೇ ಏಜೆನ್ಸಿ ಮುಂದಿದೆ, ಆದರೆ ಹತ್ತರಲ್ಲಿ ಒಂದು ಅಂಶದಷ್ಟು ಮಾತ್ರ. ಅದನ್ನೇ ಗೆಲುವು ಎಂದು ಘೋಷಿಸುವ ಮುನ್ನ ತೂಕವನ್ನು ಸ್ವಲ್ಪ ಅಲ್ಲಾಡಿಸಿ ನೋಡಬೇಕು. ದರದ ತೂಕ 35 ಮಾಡಿ, ಗ್ರಾಹಕರ ಮಾತನ್ನು 25ಕ್ಕೆ ಇಳಿಸಿದರೆ ಒಟ್ಟು 6.67, 6.78, 6.62 ಆಗುತ್ತದೆ. ಎರಡನೆಯವರು ಮೇಲೆ ಬಂದರು, ಮೂರನೆಯವರು ಕೆಳಗೆ ಹೋದರು. ಐದು ತೂಕದ ಅಲುಗಾಟಕ್ಕೆ ಮೊದಲ ಸ್ಥಾನ ಕೈಬದಲಾಗುವುದಾದರೆ, ಶೀಟ್ ಈ ಇಬ್ಬರ ನಡುವೆ ತೀರ್ಮಾನ ಹೇಳಿಲ್ಲ ಎಂದೇ ತಿಳಿಯಬೇಕು. ಗ್ರಾಹಕರ ಮಾತಿಗೆ ಕೊಟ್ಟ ಒಂಬತ್ತು ಎಂಟಾಗಿದ್ದರೂ ಫಲ ಬೇರೆಯಾಗುತ್ತಿತ್ತು, ಅಷ್ಟು ನಿಖರವಾಗಿ ಯಾರೂ ಅಂಕ ಕೊಡಲಾರರು.

ಆಗ ಮಾಡಬಹುದಾದದ್ದು ಎರಡನೆಯವರನ್ನೂ ಮೂರನೆಯವರನ್ನೂ ಮತ್ತೆ ಕರೆದು, ಕೊನೆಯ ದರ ಹೇಳಿ ಎಂದು ಇಬ್ಬರಿಗೂ ಒಂದೇ ಮಾತಿನಲ್ಲಿ ಕೇಳುವುದು. ಖಾಸಗಿ ಅಸೋಸಿಯೇಶನ್‌ಗೆ ಆ ಅವಕಾಶ ಇದೆ. ಎರಡನೆಯವರು ತಮ್ಮ ದರದಲ್ಲೇ ನಿಂತು, ಮೂರನೆಯವರು 12,000 ಇಳಿಸಿ 3,48,000ಕ್ಕೆ ಬಂದರೆ, ಮೊದಲ ತೂಕದಲ್ಲಿ ಅವರ ಒಟ್ಟು 7.20, ಬದಲಿಸಿದ ತೂಕದಲ್ಲಿ 6.97. ಎರಡರಲ್ಲೂ ಅವರೇ ಮುಂದೆ. ಗಾರ್ಡುಗಳ ಸಂಬಳ, ಪಿಎಫ್ ಮುಟ್ಟದೆ ಆ 12,000 ಎಲ್ಲಿಂದ ಇಳಿಯಿತು ಎಂದು ಲಿಖಿತವಾಗಿ ತೆಗೆದುಕೊಂಡು, ಅಳತೆಗೋಲಿನ ಎರಡು ತುದಿ, ಐದು ತೂಕ, ಎರಡು ಬಾರಿಯ ಒಟ್ಟು ಇಷ್ಟನ್ನೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿದರೆ ಆ ವರ್ಷದ ಗುತ್ತಿಗೆಯ ಕೆಲಸ ಮುಗಿಯಿತು.